ಆಫರ್ ಲೆಟರ್, ಅಪಾಯಿಂಟ್‌ಮೆಂಟ್ ಲೆಟರ್, ಪೇರೋಲ್ ಮಾಸ್ಟರ್ ತಾಳೆ ಬೀಳದಿದ್ದಾಗ: ದೋಷ ಹುಡುಕುವ ಕ್ರಮ

ಸಂಬಳ ಕಡಿಮೆ ಬಂದರೆ ನೌಕರ ಮೊದಲ ಪೇಸ್ಲಿಪ್ ಕೈಗೆ ಬಂದ ದಿನವೇ ಎಚ್‌ಆರ್ ಬಾಗಿಲಲ್ಲಿ ನಿಂತಿರುತ್ತಾನೆ. ಜಾಸ್ತಿ ಬಂದರೆ ಯಾರೂ ಬರುವುದಿಲ್ಲ. ಹಾಗಾಗಿ ಪ್ರತಿ ನೌಕರನ ಸಂಬಳದ ವಿವರ ಇರುವ ಪೇರೋಲ್ ಮಾಸ್ಟರ್‌ನಲ್ಲಿ ವರ್ಷಗಟ್ಟಲೆ ಉಳಿದುಕೊಳ್ಳುವ ತಪ್ಪುಗಳು ಹೆಚ್ಚಾಗಿ ನೌಕರನಿಗೆ ಅನುಕೂಲವಾಗಿರುವಂಥವು, ಇಲ್ಲವೇ ಇವತ್ತು ಯಾರಿಗೂ ನೋವು ಕೊಡದಂಥವು. ದೂರು ಬಂದ ಕಡತಗಳನ್ನು ಮಾತ್ರ ತೆರೆದು ನೋಡುವ ಕಚೇರಿಗೆ ಇವು ಸಿಗುವುದೇ ಇಲ್ಲ. ಮೂರೂ ದಾಖಲೆಗಳನ್ನು ಒಂದೇ ಹಾಳೆಗೆ ತಂದು ತಾಳೆ ನೋಡಬೇಕು.

ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಈ ದೋಷಕ್ಕೆ ಒಂದು ಮಾಮೂಲಿ ದಾರಿಯಿದೆ. ಆಫರ್ ಲೆಟರ್ ಬೆಂಗಳೂರಿನ ಹೆಡ್ ಆಫೀಸಿನಿಂದ ಹೊರಡುತ್ತದೆ. ಅಪಾಯಿಂಟ್‌ಮೆಂಟ್ ಲೆಟರನ್ನು ಪ್ಲಾಂಟ್ ಎಚ್‌ಆರ್ ತನ್ನದೇ ನಮೂನೆಯಲ್ಲಿ ಕೊಡುತ್ತದೆ. ಮಾಸ್ಟರ್ ತುಂಬುವುದು ಮೂರನೆಯವರು, ಎಷ್ಟೋ ಕಡೆ ಹೊರಗಿನ ಪೇರೋಲ್ ಏಜೆನ್ಸಿಯವರು. ಅವರ ಕೈಗೆ ಪತ್ರ ಬರುವುದಿಲ್ಲ, ಪ್ಲಾಂಟಿನಿಂದ ಮೇಲ್ ಆದ ಎಕ್ಸೆಲ್ ಹಾಳೆ ಬರುತ್ತದೆ. ಮೂರು ಕೈ ಬದಲಾದ ಮಾಹಿತಿಯಲ್ಲಿ ಹುದ್ದೆ, ಸೇರಿದ ದಿನ, ಸಂಬಳ ಈ ಮೂರೇ ಹೆಚ್ಚಾಗಿ ಕೆಡುತ್ತವೆ.

ತಾಳೆಗೆ ಮೊದಲು

ಮಾಸ್ಟರ್ ಯಾವತ್ತೂ ಪ್ರಮಾಣವಲ್ಲ, ಅದು ನಕಲು. ಸಂಬಳ ಮತ್ತು ಹುದ್ದೆಗೆ ಎರಡೂ ಕಡೆಯವರು ಸಹಿ ಮಾಡಿದ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಅದರ ಅನೆಕ್ಷರ್ ಮೂಲ. ಆಫರ್ ಲೆಟರ್ ಅದಕ್ಕಿಂತ ಹಿಂದಿನದು. ‘ಈ ಪತ್ರ ಹಿಂದಿನ ಎಲ್ಲ ಪತ್ರಗಳ ಬದಲಿಗೆ’ ಎಂಬ ವಾಕ್ಯ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಇದೆಯೋ ಇಲ್ಲವೋ ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಆಫರ್ ಲೆಟರನ್ನು ಹಿಡಿದು ನೌಕರ ಕೇಳುವ ಪ್ರಶ್ನೆಗೆ ತೂಕ ಇರುತ್ತದೆ. ಸೇರಿದ ದಿನಾಂಕದ ಮಾತು ಬೇರೆ. ಆಫರ್ ಲೆಟರಿನಲ್ಲಿ ಇರುವುದು ‘ಇಷ್ಟರೊಳಗೆ ಬಂದು ಸೇರಿ’ ಎಂಬ ಗಡುವು ಮಾತ್ರ. ನಿಜವಾಗಿ ಎಂದು ಸೇರಿದ ಎನ್ನುವುದನ್ನು ಜಾಯಿನಿಂಗ್ ರಿಪೋರ್ಟ್ ಮತ್ತು ಹಾಜರಿ ಯಂತ್ರದ ಮೊದಲ ಪಂಚ್ ಹೇಳುತ್ತವೆ.

ಇನ್ನೊಂದು ಎಚ್ಚರ. ಮಾಸ್ಟರ್ ತೋರಿಸುವುದು ಇವತ್ತಿನ ಸ್ಥಿತಿ, ಪತ್ರಗಳು ತೋರಿಸುವುದು ಸೇರಿದ ದಿನದ ಸ್ಥಿತಿ. ನಡುವೆ ಇನ್‌ಕ್ರಿಮೆಂಟ್, ಪ್ರಮೋಷನ್ ಆಗಿದ್ದರೆ ಎರಡೂ ಬೇರೆಯಾಗಿರಲೇಬೇಕು, ಅದು ದೋಷವಲ್ಲ. ಆದ್ದರಿಂದ ಇವತ್ತಿನ ಮಾಸ್ಟರ್ ಬದಲು ನೌಕರ ಸೇರಿದ ತಿಂಗಳ ಸಂಬಳ ರಿಜಿಸ್ಟರನ್ನು ಆಫರ್ ಮತ್ತು ಅಪಾಯಿಂಟ್‌ಮೆಂಟ್ ಪತ್ರಗಳ ಜೊತೆ ಇಡಿ. ಅಲ್ಲಿಂದ ಇವತ್ತಿನವರೆಗಿನ ಪ್ರತಿ ಬದಲಾವಣೆಗೂ ಒಂದು ಪತ್ರ ಇರಬೇಕು.

ಸಾಲು ಜೋಡಿಸಲು ಹೆಸರನ್ನು ನಂಬಬೇಡಿ. ನಮ್ಮ ಕಡೆ ಒಂದೇ ಶಿಫ್ಟಿನಲ್ಲಿ ನಾಲ್ಕು ಮಂಜುನಾಥ ಇರುತ್ತಾರೆ, ಒಬ್ಬರ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಬ್ಬರದು ಹಿಂದೆ. ಆಫರ್ ಲೆಟರಿನಲ್ಲಿ ನೌಕರ ಸಂಖ್ಯೆ ಇರುವುದಿಲ್ಲವಾದ್ದರಿಂದ ಹುಟ್ಟಿದ ದಿನಾಂಕ ಮತ್ತು ಆಧಾರ್‌ನ ಕೊನೆಯ ನಾಲ್ಕು ಅಂಕಿ ಸೇರಿಸಿ ಜೋಡಿಸಿ. ನೌಕರ ಸಂಖ್ಯೆ ಸೊನ್ನೆಯಿಂದ ಶುರುವಾಗುವ ಕಡೆ ಆ ಕಾಲಂ ಟೆಕ್ಸ್ಟ್ ಆಗಿರಲಿ. ಇಲ್ಲದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿಹಾಕಿ, ಇರುವ ಸಾಲನ್ನೇ ಇಲ್ಲ ಎನ್ನುತ್ತದೆ.

ಒಂದು ಕಡತ

ಮುಂದಿನದು ಮಾದರಿ ಲೆಕ್ಕ. ಮೂರೂ ಬಗೆಯ ದೋಷ ಒಂದೇ ಕಡತದಲ್ಲಿ ಕೂಡಿಬಂದರೆ ಬಿಡಿಸುವುದು ಹೇಗೆ ಎಂದು ತೋರಿಸಲು ಹಾಕಿದ್ದು. ನೌಕರ 2024ರ ಅಕ್ಟೋಬರಿನಲ್ಲಿ ಸೇರಿದ್ದಾನೆ. 2025ರ ಫೆಬ್ರುವರಿ ಸಂಬಳ ಮಾಡುವ ಮುಂಚೆ ತಾಳೆ ನೋಡಲಾಗುತ್ತಿದೆ.

ಆಫರ್ ಲೆಟರ್: ಜೂನಿಯರ್ ಇಂಜಿನಿಯರ್ – ಕ್ವಾಲಿಟಿ, ವಾರ್ಷಿಕ ಸಿಟಿಸಿ, ಅಂದರೆ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ, 3,00,000 ರೂಪಾಯಿ, 1-10-2024ರೊಳಗೆ ಸೇರಬೇಕು. ಅಪಾಯಿಂಟ್‌ಮೆಂಟ್ ಲೆಟರ್: ಕ್ವಾಲಿಟಿ ಇನ್‌ಸ್ಪೆಕ್ಟರ್, ಸೇರಿದ ದಿನ 7-10-2024. ಮೊದಲ ಪುಟದಲ್ಲಿ ‘ತಿಂಗಳಿಗೆ 25,000’ ಎಂದಿದೆ, ಅನೆಕ್ಷರಿನಲ್ಲಿ ಬಿಡಿಬಿಡಿ ಲೆಕ್ಕವಿದೆ. ಪೇರೋಲ್ ಮಾಸ್ಟರ್: ಇಂಜಿನಿಯರ್ ಕ್ಯೂಎ, ಸೇರಿದ ದಿನ 10-07-2024, ಗ್ರಾಸ್ 25,000.

ಸಂಬಳ: ವ್ಯತ್ಯಾಸದ ಮೊತ್ತವೇ ಕಾರಣ ಹೇಳುತ್ತದೆ

ಅನೆಕ್ಷರಿನ ಪ್ರಕಾರ ತಿಂಗಳ 25,000 ಸಿಟಿಸಿ. ಅದರೊಳಗೆ ಬೇಸಿಕ್ ಮತ್ತು ಡಿಎ ಸೇರಿ 15,000, ಎಚ್‌ಆರ್‌ಎ 6,000, ಸ್ಪೆಷಲ್ ಅಲೋವೆನ್ಸ್ 1,479. ಇವು ಮೂರು ಸೇರಿ ಗ್ರಾಸ್ 22,479. ಮಿಕ್ಕದ್ದರಲ್ಲಿ ಮಾಲೀಕರ ಪಾಲಿನ ಪಿಎಫ್ 1,800, ಅಂದರೆ 15,000ದ ಮಿತಿಯ ಮೇಲೆ ಶೇ. 12. ಗ್ರಾಚ್ಯುಯಿಟಿಗೆ ಎತ್ತಿಟ್ಟದ್ದು 721, ಅಂದರೆ 15,000ಕ್ಕೆ 15/26ರ ಲೆಕ್ಕದಲ್ಲಿ ಬರುವುದರ ಹನ್ನೆರಡನೇ ಒಂದು ಭಾಗ. ಎಲ್ಲ ಕೂಡಿದರೆ ಸರಿಯಾಗಿ 25,000.

ಮಾಸ್ಟರಿನ ಗ್ರಾಸ್ ಮತ್ತು ಅನೆಕ್ಷರಿನ ಗ್ರಾಸ್ ನಡುವಿನ ವ್ಯತ್ಯಾಸ 2,521. ಇದು 1,800 ಮತ್ತು 721ರ ಮೊತ್ತ. ಹೀಗೆ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ಬಂದರೆ ಮತ್ತೇನೂ ಹುಡುಕಬೇಕಿಲ್ಲ, ಸಿಟಿಸಿಯನ್ನೇ ಗ್ರಾಸ್ ಕಾಲಮಿಗೆ ಹಾಕಲಾಗಿದೆ. ಬರೀ 1,800 ಬಂದರೆ ಪಿಎಫ್ ಪಾಲು ಕಳೆಯುವುದು ಬಿಟ್ಟುಹೋಗಿದೆ. ಮಾಸ್ಟರ್ 1,800 ಕಡಿಮೆ ತೋರಿಸಿದರೆ ತಪ್ಪು ಎದುರು ದಿಕ್ಕಿನದು: ಕಳೆದ ಗ್ರಾಸನ್ನೇ ಸಿಟಿಸಿ ಕಾಲಮಿಗೆ ಹಾಕಿದ್ದರಿಂದ ಸಾಫ್ಟ್‌ವೇರ್ ಮಾಲೀಕರ ಪಿಎಫ್ ಅನ್ನು ಎರಡನೇ ಸಲ ಕಳೆದಿದೆ. ಯಾವುದಕ್ಕೂ ಹೊಂದದ ಮೊತ್ತ, ಉದಾಹರಣೆಗೆ 900 ಅಥವಾ 9,000 ಬಂದರೆ, ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 23,400 ಇರಬೇಕಾದಲ್ಲಿ 24,300 ಟೈಪಾದರೆ ವ್ಯತ್ಯಾಸ 900. ಅಕ್ಕಪಕ್ಕದ ಅಂಕಿಗಳು ಸ್ಥಾನ ಬದಲಿಸಿದಾಗ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ, ಹಳೆಯ ಅಕೌಂಟೆಂಟರಿಗೆಲ್ಲ ಗೊತ್ತಿರುವ ಪರೀಕ್ಷೆ ಇದು.

ಎಕ್ಸೆಲ್‌ನಲ್ಲಿ ವಾರ್ಷಿಕ ಸಿಟಿಸಿ G, ತಿಂಗಳ ಲೆಕ್ಕದ ಮಾಲೀಕರ ಪಿಎಫ್ H, ಗ್ರಾಚ್ಯುಯಿಟಿ I, ಮಾಸ್ಟರ್ ಗ್ರಾಸ್ J ಕಾಲಮಿನಲ್ಲಿದ್ದರೆ:

```
=ROUND(J2-(G2/12-H2-I2),0)
```

ಉತ್ತರ ಸೊನ್ನೆ ಅಥವಾ ಒಂದು ರೂಪಾಯಿ ಆಚೀಚೆ ಬಂದ ಸಾಲುಗಳನ್ನು ಬಿಡಿ. ಉಳಿದವನ್ನು ಮೊತ್ತದ ಪ್ರಕಾರ ಸಾರ್ಟ್ ಮಾಡಿ. ಒಂದೇ ಬಗೆಯ ತಪ್ಪು ಆದವರೆಲ್ಲ ಒಟ್ಟಿಗೆ ಗುಂಪಾಗಿ ಬರುತ್ತಾರೆ. ಬೋನಸ್ ಅಥವಾ ಇನ್ಶೂರೆನ್ಸ್ ಅನ್ನು ಸಿಟಿಸಿ ಒಳಗೆ ಸೇರಿಸುವ ಕಂಪನಿಯಾದರೆ ಅದನ್ನೂ ಇದೇ ಸೂತ್ರದಲ್ಲಿ ಕಳೆಯಬೇಕು.

ಪೇಸ್ಲಿಪ್ ಮಾತ್ರ ಕೈಯಲ್ಲಿದ್ದರೂ ಈ ತಪ್ಪು ಕಾಣುತ್ತಿತ್ತೇ? ಪಿಎಫ್ ನೋಡಿದರೆ ಕಾಣುವುದಿಲ್ಲ. ಬೇಸಿಕ್ 15,000 ಇದ್ದಂತೆಯೇ ಇದೆ, ಹೆಚ್ಚುವರಿ ಹಣ ಸ್ಪೆಷಲ್ ಅಲೋವೆನ್ಸಿಗೆ ಹೋಗಿ ಕೂತಿದೆ, ಕಡಿತ ಎರಡೂ ಸಂದರ್ಭದಲ್ಲಿ 1,800. ಇಎಸ್‌ಐ ಕೂಡ ಸುಳಿವು ಕೊಡುವುದಿಲ್ಲ, 22,479ಕ್ಕೂ 25,000ಕ್ಕೂ 21,000ದ ಮಿತಿ ದಾಟಿಯಾಗಿದೆ. ಸುಳಿವು ಕೊಡುವುದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ ತಿಂಗಳ ಸಂಬಳ 25,000 ಮುಟ್ಟಿದವರಿಗೆ ಮಾತ್ರ ಈ ಕಡಿತ, ನಮ್ಮ ಕಡತದ ತಿಂಗಳುಗಳಲ್ಲಿ ಅದು 200 ರೂಪಾಯಿ. 22,479ರವನ ಪೇಸ್ಲಿಪ್‌ನಲ್ಲಿ ಆ ಸಾಲೇ ಬರಬಾರದು. ಬಂದಿದೆ ಎಂದರೆ ಗ್ರಾಸ್ ತಪ್ಪಾಗಿದೆ.

ಕಾರಣ ಕೇಳಿದರೆ ಡೇಟಾ ಎಂಟ್ರಿಯವರ ಉತ್ತರ ಸಿದ್ಧವಿರುತ್ತದೆ: “ಮೊದಲನೇ ಪುಟದಲ್ಲೇ ಇಪ್ಪತ್ತೈದು ಸಾವಿರ ಅಂತ ಇತ್ತಲ್ಲ ಸಾರ್?” ಅವರ ಮಾತಿನಲ್ಲಿ ತಪ್ಪಿಲ್ಲ. ಮೊದಲ ಪುಟದಲ್ಲಿ ಗ್ರಾಸ್ ಎಂದೋ ಸಿಟಿಸಿ ಎಂದೋ ಬರೆಯದ ಪತ್ರದ ನಮೂನೆಯೇ ದೋಷದ ಮೂಲ. ಅದನ್ನು ತಿದ್ದದೆ ಒಬ್ಬನ ಮಾಸ್ಟರ್ ಮಾತ್ರ ತಿದ್ದಿದರೆ ಮುಂದಿನ ಬ್ಯಾಚಿನಲ್ಲಿ ಅದೇ 2,521 ಮತ್ತೆ ಬರುತ್ತದೆ.

ಗ್ರಾಸ್ 21,000ದ ಆಸುಪಾಸಿನಲ್ಲಿರುವ ಕಡತಗಳನ್ನು ಮಾತ್ರ ಸರದಿ ಮುರಿದು ಮೊದಲು ನೋಡಿ. ನಿಜವಾದ ಗ್ರಾಸ್ 20,000 ಇದ್ದು ಮಾಸ್ಟರಿನಲ್ಲಿ 22,500 ಆಗಿದ್ದರೆ ಆ ನೌಕರ ಇಎಸ್‌ಐಯಿಂದಲೇ ಹೊರಗುಳಿದಿದ್ದಾನೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದ ದಿನ ಅದು ಗೊತ್ತಾಗುವಂತೆ ಬಿಡಬಾರದು.

ಸೇರಿದ ದಿನ: ತಾರೀಖು ತಿಂಗಳಾದಾಗ

7-10-2024 ಮತ್ತು 10-07-2024. ಕಣ್ಣಿಗೆ ಕೈತಪ್ಪಿನಂತೆ ಕಂಡರೂ ಇದು ಕಂಪ್ಯೂಟರಿನ ಕೆಲಸ. ಪ್ಲಾಂಟಿನವರು ದಿನ-ತಿಂಗಳು-ವರ್ಷ ಎಂದು ಬರೆದು ಕಳಿಸಿದ ಹಾಳೆಯನ್ನು ಸಿಎಸ್‌ವಿ ಫೈಲಾಗಿ ಮಾಡಿ ಅಮೆರಿಕನ್ ದಿನಾಂಕ ಕ್ರಮದ ಕಂಪ್ಯೂಟರಿನಲ್ಲಿ ತೆರೆದರೆ 07/10 ಎನ್ನುವುದು ಜುಲೈ 10 ಆಗುತ್ತದೆ. ತಾರೀಖು 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಾಗೆ ತಿರುಗಿಸಲು ಬರುವುದಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. ಅಂಥವು ದಿನಾಂಕವಾಗದೆ ಟೆಕ್ಸ್ಟ್ ಆಗಿ ಸೆಲ್ಲಿನ ಎಡಬದಿಗೆ ಅಂಟಿಕೊಂಡಿರುತ್ತವೆ. ಒಂದೇ ಫೈಲಿನಲ್ಲಿ 1ರಿಂದ 12ರೊಳಗೆ ಸೇರಿದವರ ತಿಂಗಳು ತಪ್ಪಾಗಿದ್ದು, 13ರ ನಂತರದವರದು ಟೆಕ್ಸ್ಟ್ ಆಗಿ ಅಥವಾ ಖಾಲಿಯಾಗಿ ಉಳಿದಿದ್ದರೆ ಕಾರಣ ಇದೇ. ತಾರೀಖು, ತಿಂಗಳು ಎರಡರ ಅಂಕಿಯೂ ಒಂದೇ ಇರುವ ಜುಲೈ 7ರಂಥ ದಿನ ಸೇರಿದವನು ಮಾತ್ರ ಪುಣ್ಯವಂತ, ತಿರುಗಿಸಿದರೂ ಅದೇ ದಿನ.

ಅಪಾಯಿಂಟ್‌ಮೆಂಟ್ ಲೆಟರಿನ ದಿನಾಂಕ E, ಮಾಸ್ಟರಿನದು F ಕಾಲಮಿನಲ್ಲಿದ್ದರೆ ಮೊದಲು ಎರಡೂ ನಿಜವಾದ ದಿನಾಂಕಗಳೇ ಎಂದು ನೋಡಿ, ಆಮೇಲೆ ತಿರುಗಿವೆಯೇ ಎಂದು ನೋಡಿ:

```
=AND(ISNUMBER(E2),ISNUMBER(F2))
=AND(E2<>F2,DATE(YEAR(F2),DAY(F2),MONTH(F2))=E2)
```

ಎರಡನೆಯದು TRUE ಎಂದರೆ ದಿನ-ತಿಂಗಳು ಅದಲುಬದಲು. ನಮ್ಮ ಕಡತದಲ್ಲಿ TRUE ಬರುತ್ತದೆ. ಮೊದಲನೆಯದು FALSE ಆದ ಸಾಲುಗಳಲ್ಲಿ ಎರಡನೆಯದರ ಉತ್ತರ ನಂಬಬೇಡಿ.

ಈ ತಪ್ಪು ನಾಲ್ಕು ತಿಂಗಳು ಯಾಕೆ ಕಾಣಲಿಲ್ಲ ಎನ್ನುವುದಕ್ಕೂ ಕಾರಣವಿದೆ. ದಿನಾಂಕ ತಿರುಗಿ ಮುಂದಕ್ಕೆ ಹೋಗಿದ್ದರೆ ಸಾಫ್ಟ್‌ವೇರ್ ‘ಇವನಿನ್ನೂ ಸೇರಿಲ್ಲ’ ಎಂದು ಸಂಬಳವನ್ನೇ ಹಾಕುತ್ತಿರಲಿಲ್ಲ, ಗಲಾಟೆ ಅವತ್ತೇ ಆಗುತ್ತಿತ್ತು. ಇಲ್ಲಿ ಹಿಂದಕ್ಕೆ ಹೋಗಿದೆ. ಅಕ್ಟೋಬರ್ ಸಂಬಳ ಮಾಡುವಾಗ ಸಾಫ್ಟ್‌ವೇರಿಗೆ ಇವನು ಜುಲೈನಿಂದ ಇರುವ ಹಳೆಯ ನೌಕರ. ಹಾಗಾಗಿ 25 ದಿನದ ಬದಲು 31 ದಿನದ ಪೂರ್ತಿ ಸಂಬಳ ಕೊಟ್ಟಿತು. ರಜೆ ಮೂರು ತಿಂಗಳಷ್ಟು ಹೆಚ್ಚಿಗೆ ಜಮಾ ಆಯಿತು. ಆರು ತಿಂಗಳ ಪ್ರೊಬೇಷನ್ 2025ರ ಏಪ್ರಿಲ್ 6ಕ್ಕೆ ಮುಗಿಯಬೇಕಾದದ್ದು ಜನವರಿ 9ಕ್ಕೇ ಮುಗಿದಂತೆ ಕಾಣುತ್ತಿದೆ. ತಾನಾಗಿಯೇ ಕನ್ಫರ್ಮ್ ಮಾಡುವ ಸಾಫ್ಟ್‌ವೇರ್ ಆದರೆ ಅವನ ನೋಟಿಸ್ ಅವಧಿಯೂ ಬದಲಾಗಿರುತ್ತದೆ.

ಮಾಸ್ಟರಿನಿಂದ ಆಚೆ ಹೋದದ್ದು ಇದಕ್ಕಿಂತ ತೊಡಕಿನದು. ಪಿಎಫ್ ಪೋರ್ಟಲಿಗೂ ಇದೇ ದಿನಾಂಕ ಹೋಗಿರುತ್ತದೆ. ಹಿಂದಿನ ಕಂಪನಿ ಇವನನ್ನು ಅಕ್ಟೋಬರ್ ಮೊದಲ ವಾರದಲ್ಲಿ ಬಿಟ್ಟುಕೊಟ್ಟಿದ್ದರೆ, ಪೋರ್ಟಲಿನಲ್ಲಿ ಜುಲೈ 10ರಿಂದ ಒಂದೇ ಕಾಲಕ್ಕೆ ಎರಡು ಕಡೆ ಕೆಲಸ ಮಾಡಿದಂತಾಗುತ್ತದೆ. ಹಳೆಯ ಪಿಎಫ್ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಿದಾಗ ಇದರಿಂದ ತಕರಾರು ಏಳಬಹುದು. ಜೊತೆಗೆ ಜುಲೈ, ಆಗಸ್ಟ್, ಸೆಪ್ಟೆಂಬರ್ ವಂತಿಗೆ ಏಕೆ ಕಟ್ಟಿಲ್ಲ ಎಂದು ಪಿಎಫ್ ಕಚೇರಿ ಕಂಪನಿಯನ್ನು ಕೇಳಬಹುದು. ಮಾಸ್ಟರ್ ತಿದ್ದಿದರೆ ಪೋರ್ಟಲ್ ತಾನಾಗಿ ತಿದ್ದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ನೌಕರ ಮತ್ತು ಮಾಲೀಕರು ಸೇರಿ ಜಾಯಿಂಟ್ ಡಿಕ್ಲರೇಷನ್ ಕೊಡಬೇಕು, ಅದಕ್ಕೆ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಹಾಜರಿ ದಾಖಲೆ ಲಗತ್ತಿಸಿ. ನೌಕರ ಇನ್ನೂ ಕೆಲಸದಲ್ಲಿರುವಾಗಲೇ ಮಾಡಿಸಿದರೆ ಸುಲಭ, ಬಿಟ್ಟುಹೋದ ಮೇಲೆ ಸಹಿಗೆ ಅಲೆಯಬೇಕು.

ಆಫರ್ ಲೆಟರಿನ 1-10-2024 ಬೇರೆಯಾಗಿರುವುದನ್ನು ದೋಷದ ಪಟ್ಟಿಗೆ ಸೇರಿಸಬೇಡಿ. ಗಡುವು ದಾಟಿ ಸೇರಲು ಒಪ್ಪಿಗೆ ಕೊಟ್ಟ ಮೇಲ್ ಕಡತದಲ್ಲಿದೆಯೇ ಎಂದಷ್ಟೇ ನೋಡಿ.

ಹುದ್ದೆ: ಹೆಸರಿಗಿಂತ ಗ್ರೇಡ್ ನೋಡಿ

ಹುದ್ದೆಯ ಹೆಸರುಗಳನ್ನು ಸೂತ್ರ ಹಾಕಿ ಹೋಲಿಸಿದರೆ ಅರ್ಧಕ್ಕರ್ಧ ಸಾಲು ಕೆಂಪಾಗುತ್ತದೆ, ಅದರಲ್ಲಿ ಬಹಳಷ್ಟು ಸಂಕ್ಷಿಪ್ತ ರೂಪಗಳು, ಸ್ಪೇಸು, ಹೈಫನ್. ಅದರ ಹಿಂದೆ ಬಿದ್ದು ದಿನ ಕಳೆಯಬಾರದು. ಪೇರೋಲಿಗೆ ಹುದ್ದೆಯ ಹೆಸರಿನಿಂದ ಏನೂ ಆಗಬೇಕಿಲ್ಲ. ಹೆಸರಿಗೆ ಕಟ್ಟಿದ ಗ್ರೇಡಿನಿಂದ ಎಲ್ಲ ಆಗುತ್ತದೆ: ಓಟಿ ಉಂಟೋ ಇಲ್ಲವೋ, ರಜೆ ಎಷ್ಟು, ನೋಟಿಸ್ ಎಷ್ಟು ದಿನ. ಗ್ರೇಡ್ ಒಂದೇ ಇದ್ದರೆ ಹೆಸರಿನ ವ್ಯತ್ಯಾಸವನ್ನು ಬಿಡುವಾದಾಗ ತಿದ್ದಿ.

ನಮ್ಮ ಕಡತದಲ್ಲಿ ಗ್ರೇಡೇ ಬೇರೆ. ಮಾಸ್ಟರಿನ ಡ್ರಾಪ್‌ಡೌನಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಎಂಬ ಹುದ್ದೆ ಇರಲಿಲ್ಲ, ಹತ್ತಿರದ್ದೆಂದು ಇಂಜಿನಿಯರ್ ಕ್ಯೂಎ ಆರಿಸಿದ್ದಾರೆ. ಆ ಹುದ್ದೆ ಸ್ಟಾಫ್ ಗ್ರೇಡಿನದು, ಅದಕ್ಕೆ ಓಟಿ ಇಲ್ಲ ಎಂದು ಸೆಟ್ ಆಗಿದೆ. ಇವನು ಮಾಡುತ್ತಿರುವುದು ಲೈನಿನಲ್ಲಿ ನಿಂತು ಗೇಜ್ ಹಿಡಿದು ಪಾರ್ಟ್ ಅಳೆಯುವ ಕೆಲಸ. ಕಾರ್ಮಿಕ ಹೌದೋ ಅಲ್ಲವೋ ಎಂದು ತೀರ್ಮಾನವಾಗುವುದು ಮಾಡುವ ಕೆಲಸದಿಂದ, ಪತ್ರದ ಮೇಲಿನ ಹೆಸರಿನಿಂದಲ್ಲ. ಹಾಜರಿ ಯಂತ್ರ ನಾಲ್ಕು ತಿಂಗಳಲ್ಲಿ 38 ಗಂಟೆ ಓಟಿ ತೋರಿಸುತ್ತಿದೆ, ಪೇಸ್ಲಿಪ್‌ಗಳಲ್ಲಿ ಓಟಿ ಸೊನ್ನೆ. ಗ್ರೇಡ್ ತಪ್ಪಿದ್ದರ ಖಚಿತ ಗುರುತು ಇದು: ಹಾಜರಿಯಲ್ಲಿ ಓಟಿ ಗಂಟೆ ಇದ್ದು ಸಂಬಳದಲ್ಲಿ ಓಟಿ ಇಲ್ಲದವರ ಪಟ್ಟಿ ತೆಗೆದರೆ ತಪ್ಪು ಹುದ್ದೆಯವರು ಅದರಲ್ಲೇ ಸಿಗುತ್ತಾರೆ.

ಲೆಕ್ಕ ಸರಿಮಾಡುವುದು

ಅಕ್ಟೋಬರಿನಲ್ಲಿ ಕೊಟ್ಟದ್ದು 25,000. ಕೊಡಬೇಕಾದದ್ದು 22,479ರ 25/31, ಅಂದರೆ 18,128. ಹೆಚ್ಚಿಗೆ ಹೋದದ್ದು 6,872. ನವೆಂಬರ್, ಡಿಸೆಂಬರ್, ಜನವರಿಗೆ ತಲಾ 2,521ರಂತೆ 7,563. ಒಟ್ಟು 14,435.

ಹಾಗೆಂದು ಅಷ್ಟನ್ನೂ ನೌಕರನಿಂದ ಕೇಳುವಂತಿಲ್ಲ. ತಿಂಗಳಿಗೆ 200ರಂತೆ 800 ರೂಪಾಯಿ ವೃತ್ತಿ ತೆರಿಗೆಗೆ ಹೋಗಿದೆ. ಅಕ್ಟೋಬರಿನ ಪಿಎಫ್ 12,097ರ ಮೇಲೆ 1,452 ಆಗಬೇಕಿತ್ತು, 1,800 ಹಿಡಿದಿದ್ದಾರೆ, ಅಲ್ಲಿ 348 ಹೆಚ್ಚು. ಈ 1,148 ಅವನ ಕೈಗೆ ಬಂದೇ ಇಲ್ಲ. ಕೈಗೆ ಹೆಚ್ಚಿಗೆ ಬಂದದ್ದು 13,287. ತೆರಿಗೆ ಮತ್ತು ಪಿಎಫ್‌ಗೆ ಹೆಚ್ಚಿಗೆ ಕಟ್ಟಿದ್ದನ್ನು ಕಂಪನಿ ಆಯಾ ಇಲಾಖೆಯ ಜೊತೆ ಸರಿಮಾಡಿಕೊಳ್ಳಬೇಕು.

ಇನ್ನೊಂದು ಕಡೆ ಕಂಪನಿಯೇ ಅವನಿಗೆ ಓಟಿ ಬಾಕಿ ಇದೆ. 22,479ನ್ನು 26 ದಿನ, 8 ಗಂಟೆಯಿಂದ ಭಾಗಿಸಿದರೆ ಗಂಟೆಗೆ 108.07. ಅದರ ಎರಡರಷ್ಟಕ್ಕೆ 38 ಗಂಟೆ ಎಂದರೆ 8,213. ಎರಡನ್ನೂ ಕಳೆದು 5,074 ಎಂದು ಒಂದೇ ಸಾಲಿನಲ್ಲಿ ಹಾಕಬೇಡಿ. ಓಟಿ ಗಳಿಕೆಯ ಕಡೆ, ವಸೂಲಿ ಕಡಿತದ ಕಡೆ, ಬೇರೆ ಬೇರೆ ಸಾಲಾಗಿ ಬರಲಿ. ಆಗ ಪೇಸ್ಲಿಪ್ ಓದಿದರೆ ಅವನಿಗೂ ಅರ್ಥವಾಗುತ್ತದೆ, ತಪಾಸಣೆಗೆ ಬಂದವರಿಗೂ ಅರ್ಥವಾಗುತ್ತದೆ.

ಹೆಚ್ಚು ಪಾವತಿಯಾದ ವೇತನ ಹಿಂಪಡೆಯಲು 1936ರ ವೇತನ ಪಾವತಿ ಕಾಯ್ದೆಯ 7ನೇ ಕಲಂ ಅವಕಾಶ ಕೊಡುತ್ತಿತ್ತು, ಆದರೆ ಸಾಮಾನ್ಯವಾಗಿ ಒಂದು ತಿಂಗಳ ಒಟ್ಟು ಕಡಿತ ವೇತನದ ಅರ್ಧವನ್ನು ದಾಟುವಂತಿರಲಿಲ್ಲ. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಬಂದ ವೇತನ ಸಂಹಿತೆಯಲ್ಲೂ ಶೇ. 50ರ ಮಿತಿಯೇ ಇದೆ. ಮಿತಿಯೊಳಗೆ ಬರುತ್ತದೆಂದು ಒಂದೇ ತಿಂಗಳಲ್ಲಿ ಎಳೆದುಕೊಳ್ಳುವುದು ಮಾತ್ರ ಸರಿಯಲ್ಲ. ಮಾಸ್ಟರ್ ತಿದ್ದಿದ ತಿಂಗಳಿನಿಂದ ಅವನ ಕೈಗೆ ಬರುವುದು ಹೇಗೂ 23,000ದಿಂದ 20,679ಕ್ಕೆ ಇಳಿಯುತ್ತದೆ. ಮನೆ ಬಾಡಿಗೆ, ಬೈಕಿನ ಕಂತು ಹಳೆಯ ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ. ಲೆಕ್ಕದ ಹಾಳೆ ಮುಂದಿಟ್ಟು ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ಆರು ಕಂತು ಮಾಡಿದರೆ ತಿಂಗಳಿಗೆ ಸುಮಾರು 2,215 ಬೀಳುತ್ತದೆ.

ಇಷ್ಟೆಲ್ಲ ನಡೆಯುವುದು ಅನೆಕ್ಷರಿನಲ್ಲಿ ಗ್ರಾಸ್ 22,479 ಎಂದು ಸ್ಪಷ್ಟವಾಗಿ ಇರುವುದರಿಂದ. ಅನೆಕ್ಷರ್ ಇಲ್ಲದೆ, ಅಪಾಯಿಂಟ್‌ಮೆಂಟ್ ಲೆಟರಿನಲ್ಲೇ ‘ಗ್ರಾಸ್ 25,000’ ಎಂದು ಬರೆದು ಸಹಿ ಆಗಿದ್ದರೆ ಮಾಸ್ಟರ್ ಸರಿಯಾಗಿಯೇ ಇದೆ, ತಪ್ಪಿರುವುದು ಪತ್ರದಲ್ಲಿ. ಆಗ ಏಜೆನ್ಸಿಗೆ ಮೇಲ್ ಹಾಕಿ ಗ್ರಾಸ್ ಇಳಿಸುವಂತಿಲ್ಲ. ಕಾರ್ಮಿಕನ ವೇತನದಲ್ಲಿ ಅವನಿಗೆ ನಷ್ಟವಾಗುವ ಬದಲಾವಣೆಗೆ 21 ದಿನಗಳ ನೋಟಿಸ್ ಬೇಕು. ವಸೂಲಿಯ ಮಾತು ಎತ್ತುವ ಮೊದಲು ಕಂಪನಿಯ ವಕೀಲರಿಗೆ ಆ ಪತ್ರ ತೋರಿಸಿ.

ಮಾಸ್ಟರ್ ತಿದ್ದುವಾಗ ಹಳೆಯ ಅಂಕಿಯ ಮೇಲೆ ಹೊಸದನ್ನು ಟೈಪ್ ಮಾಡಬೇಡಿ. ಜಾರಿ ದಿನಾಂಕದೊಂದಿಗೆ ಹೊಸ ಸಾಲು ಸೇರಿಸಿ, ತಿದ್ದಿದ ಕಾರಣ, ಆಧಾರವಾದ ಪತ್ರದ ಸಂಖ್ಯೆ ಮತ್ತು ಒಪ್ಪಿಗೆ ಕೊಟ್ಟವರ ಹೆಸರು ಬರೆಯಿರಿ. ಸೇರಿದ ದಿನ, ಗ್ರೇಡ್, ಗ್ರಾಸ್ ಮೂರನ್ನೂ ಒಂದೇ ಸಲಕ್ಕೆ ಬದಲಿಸದೆ ಒಂದೊಂದಾಗಿ ಬದಲಿಸಿ, ಪ್ರತಿ ಸಲವೂ ಫೆಬ್ರುವರಿ ಸಂಬಳವನ್ನು ಪರೀಕ್ಷಾರ್ಥ ಓಡಿಸಿ. ದಿನಾಂಕ ಬದಲಿಸಿದೊಡನೆ ಕೆಲವು ಸಾಫ್ಟ್‌ವೇರ್‌ಗಳು ಅಕ್ಟೋಬರಿನ ಆರು ದಿನವನ್ನು ತಾವೇ ಹಿಂದಕ್ಕೆ ಕಡಿತ ಮಾಡಿಬಿಡುತ್ತವೆ. ನಿಮ್ಮ ಕೈಲೆಕ್ಕದ ವಸೂಲಿಯೂ ಅದರ ಜೊತೆ ಸೇರಿದರೆ ಒಂದೇ ಹಣ ಎರಡು ಸಲ ಹೋಗುತ್ತದೆ. ಪರೀಕ್ಷಾರ್ಥ ಪೇಸ್ಲಿಪ್‌ನಲ್ಲಿ ಗ್ರಾಸ್ 22,479, ವೃತ್ತಿ ತೆರಿಗೆ ಸೊನ್ನೆ, ಓಟಿ ಕಾಲಂ ಜೀವಂತ, ವಸೂಲಿ ಒಂದೇ ಸಾಲು ಎಂದು ಕಂಡ ಮೇಲೆ ಲಾಕ್ ಮಾಡಿ.